ಕುಂಕುಮ ಹಚ್ಚಿದ ನೋಟಿಸು

ಆ ಪತ್ರವನ್ನು ನಾನು ಐದು ಸಲ ತಿದ್ದಿ ಬರೆದಿದ್ದೆ. ತಿದ್ದಿದಷ್ಟೂ ಅದು ಮೆತ್ತಗಾಗುತ್ತ ಹೋಯಿತು. ಎಲ್ಲ ಆದದ್ದು ಅದರಿಂದಲೇ.

ರಾಣೇಬೆನ್ನೂರಿನ ನಮ್ಮ ಬೀಜದ ಕಂಪನಿಗೆ ಬ್ಯಾಡಗಿಯ ಮಂಗಳವ್ವ ಹದಿನೇಳು ವರ್ಷದಿಂದ ಬಟ್ಟೆ ಚೀಲ ಹೊಲಿದು ಕೊಡುತ್ತಿದ್ದಳು. ಬಟ್ಟೆ ನಮ್ಮದು, ಚೀಲದ ಮೇಲೆ ಕಂಪನಿಯ ಹೆಸರು ಒತ್ತುವ ಸ್ಕ್ರೀನ್ ನಮ್ಮದು. ಕತ್ತರಿಸುವುದು, ಹೊಲಿಯುವುದು, ಹೆಸರು ಒತ್ತುವುದು ಅವಳದು. ತಗಡಿನ ಶೆಡ್ಡಿನಲ್ಲಿ ಎಂಟು ಹೆಣ್ಣುಮಕ್ಕಳು ಮಷೀನು ತುಳಿಯುತ್ತಿದ್ದರು, ಒಂಬತ್ತನೆಯವಳು ಮಂಗಳವ್ವ. ಕರಾರು ಜನವರಿಯಿಂದ ಡಿಸೆಂಬರ್‌ವರೆಗೆ. ಮುಂದಿನ ವರ್ಷಕ್ಕೆ ಬೇಡವೆಂದರೆ ಅರವತ್ತು ದಿನ ಮೊದಲೇ ಬರೆದು ತಿಳಿಸಬೇಕು, ಇಲ್ಲದಿದ್ದರೆ ಅದು ತನ್ನಷ್ಟಕ್ಕೆ ಇನ್ನೊಂದು ವರ್ಷ ನಡೆಯುತ್ತದೆ ಎಂದು ಅದರಲ್ಲಿ ಇತ್ತು. ಬೇಡವೆನ್ನುವ ಪ್ರಸಂಗ ಎಂದೂ ಬಂದಿರಲಿಲ್ಲ. ಪ್ರತಿ ದಸರಾಕ್ಕೆ ಹೊಸ ದರ ಬರೆದು ಕರಾರು ಮುಂದುವರಿಸಿದ ಪತ್ರವೊಂದು ಹೋಗುತ್ತಿತ್ತು. ಅದನ್ನು ಬರೆಯುವವಳು ನಾನೇ, ಖರೀದಿ ವಿಭಾಗದ ನೀಲಾ.

ಎರಡು ಸಾವಿರದ ನಾಲ್ಕರ ದಸರಾಕ್ಕೆ ಬೇರೆ ಪತ್ರ ಬರೆಯಬೇಕಾಯಿತು. ಪ್ಲಾಸ್ಟಿಕ್ ಪಾಕೀಟಿಗೆ ಬೀಜ ತುಂಬಿ, ಮುಚ್ಚಿ, ತಾರೀಖು ಒತ್ತುವ ಯಂತ್ರವೊಂದು ಬಂದು ಕೂತಿತ್ತು. ಮ್ಯಾನೇಜರ್ ವಿಜಯಮಹಾಂತೇಶ ಅವರಿಗೆ ಅದರ ಮೇಲೆ ಬಹಳ ಪ್ರೀತಿ. ದಿನಕ್ಕೆರಡು ಸಲ ಹೋಗಿ ಅದರ ಬೆನ್ನು ಸವರಿ ಬರುತ್ತಿದ್ದರು. ಮಂಗಳವ್ವನಿಗೆ ನೋಟಿಸು ಕೊಡಿ, ಆದರೆ ಮನಸ್ಸಿಗೆ ಬೇಜಾರಾಗದ ಹಾಗೆ ಬರೆಯಿರಿ ಎಂದರು. ನಾನೂ ಹಾಗೆಯೇ ಬರೆದೆ. ಮೊದಲ ಪ್ರತಿಯಲ್ಲಿ ವಿಷಯ ಮೊದಲ ಸಾಲಿನಲ್ಲಿತ್ತು. ಎರಡನೆಯದರಲ್ಲಿ ಅದರ ಮೇಲೆ ಕೃತಜ್ಞತೆ ಬಂತು. ಐದನೆಯ ಪ್ರತಿಯ ಹೊತ್ತಿಗೆ ವಿಷಯ ಮೂರನೆಯ ಪ್ಯಾರಾದೊಳಗೆ ಹೊಕ್ಕು ಕೂತಿತ್ತು. ಹುಡುಕಿದರೆ ಸಿಗುತ್ತಿತ್ತು, ಹುಡುಕಬೇಕೆಂದು ಗೊತ್ತಿದ್ದವರಿಗೆ.

ಮ್ಯಾನೇಜರ್ ಸಹಿ ಹಾಕಿದ್ದು ಆಯುಧ ಪೂಜೆಯ ಹಿಂದಿನ ಸಂಜೆ. ಲಕೋಟೆಯನ್ನು ಕಳಿಸುವ ಕಾಗದಗಳ ಟ್ರೇಯಲ್ಲಿಟ್ಟು ನಾನು ಮನೆಗೆ ಹೋದೆ. ಮರುದಿನ ನಮ್ಮ ಆಫೀಸಿನ ಜವಾನ ಡಾಕಪ್ಪ ಪೂಜೆಗೆ ನಿಂತ. ಪೂಜೆಯ ವಿಷಯದಲ್ಲಿ ಅವನು ಯಾರಿಗೂ ಅನ್ಯಾಯ ಮಾಡುವವನಲ್ಲ. ತಕ್ಕಡಿಗೆ, ಟೈಪ್‌ರೈಟರಿಗೆ, ಕಂಪ್ಯೂಟರಿಗೆ, ಸ್ಟೇಪ್ಲರಿಗೆ, ಕಪಾಟಿನ ಕೀಲಿಗೆ ಎಲ್ಲಕ್ಕೂ ವಿಭೂತಿ, ಕುಂಕುಮ. ಟ್ರೇಯಲ್ಲಿದ್ದ ಲಕೋಟೆಯ ನಾಲ್ಕೂ ಮೂಲೆಗೆ ಅರಿಸಿನ ಹಚ್ಚಿ, ನಡುವೆ ಕುಂಕುಮ ಇಟ್ಟು, ಮೇಲೊಂದು ಚೆಂಡು ಹೂವಿನ ಎಸಳು ಅಂಟಿಸಿದ. ಮರುದಿನ ವಿಜಯದಶಮಿ. ಅವನ ಊರು ಬ್ಯಾಡಗಿಯ ದಾರಿಯಲ್ಲೇ ಇತ್ತಾದ್ದರಿಂದ, ಹಬ್ಬಕ್ಕೆ ಹೋಗುವವನು ಹಾಗೆಯೇ ಮುಂದೆ ಹೋಗಿ ಲಕೋಟೆ ಮುಟ್ಟಿಸಿದ. ಬರಿಗೈಯಲ್ಲಿ ಕೊಡಲಿಲ್ಲ. ಬನ್ನಿ ಎಲೆಯ ಜೊತೆಗೆ ಕೊಟ್ಟು, ಮಂಗಳವ್ವನ ಕಾಲು ಮುಟ್ಟಿ, ಹೋಳಿಗೆ ಉಂಡು ಬಂದ.

ಹಬ್ಬ ಮುಗಿಸಿ ಬಂದವನು, ಲಕೋಟೆಯ ಜೊತೆ ಕಳಿಸಿದ್ದ ಸ್ವೀಕೃತಿ ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟ. ಅದರ ಕೆಳಗೆ ಮಂಗಳವ್ವನ ಗುಂಡನೆಯ ಅಕ್ಷರಗಳಿದ್ದವು: 'ತಮ್ಮ ಪತ್ರ ಮುಟ್ಟಿತು. ಸಂತೋಷ ಆತು. ಎಲ್ಲಾದಕ್ಕೂ ಒಪ್ಪಿಗಿ ಐತಿ.'

ಮ್ಯಾನೇಜರ್ ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಹದಿನೇಳು ವರ್ಷದ ಕೆಲಸ ಹೋದಾಗ ಇಷ್ಟು ಘನವಾಗಿ ನಡೆದುಕೊಳ್ಳುವವರನ್ನು ತಾವು ನೋಡಿಲ್ಲ, ಡಿಸೆಂಬರಿನಲ್ಲಿ ಆಕೆಗೆ ಶಾಲು ಹೊದಿಸಿ ಸನ್ಮಾನ ಮಾಡಬೇಕು ಎಂದು ಅಲ್ಲೇ ಹೇಳಿಬಿಟ್ಟರು. ನನಗೂ ಮೊದಲು ಹಗುರವೆನಿಸಿತು. ನೋಟಿಸು ಅವಧಿಯೊಳಗೆ ಮುಟ್ಟಿದೆ, ಸಹಿ ಇದೆ, ಕಡತ ಸರಿಯಾಗಿದೆ. ಆದರೆ ಆ 'ಸಂತೋಷ ಆತು' ಎಂಬುದನ್ನು ಮೂರು ವಾರ ಮತ್ತೆ ಮತ್ತೆ ತೆಗೆದು ಓದಿದೆ. ದೀಪಾವಳಿಯ ಹಿಂದಿನ ದಿನ ಹಳೆಯ ಕಡತ ತೆಗೆದು ನೋಡಿದೆ. ಹಿಂದಿನ ವರ್ಷದ ಸ್ವೀಕೃತಿಯಲ್ಲೂ ಅದೇ ಮೂರು ವಾಕ್ಯ. ಅದರ ಹಿಂದಿನ ವರ್ಷವೂ ಅದೇ.

ಡಾಕಪ್ಪನನ್ನು ಕರೆದು, ಮಂಗಳವ್ವ ಪತ್ರ ಓದಿ ಸಹಿ ಹಾಕಿದಳೋ, ಓದದೆ ಹಾಕಿದಳೋ ಎಂದು ಕೇಳಿದೆ.

"ಓದೂದು ಯಾಕ ಅಕ್ಕಾರ?" ಎಂದ ಅವನು ಆಶ್ಚರ್ಯದಿಂದ. "ವರ್ಷಾ ವರ್ಷಾ ಬರೂ ಪತ್ರ. ಕಣ್ಣಿಗೆ ಒತ್ಗೊಂಡು ದೇವ್ರ ಜಗಲಿ ಮ್ಯಾಲ ಇಟ್ರು. ಅಮಾಸಿ ಪೂಜಿ ಆದಮ್ಯಾಲ ಒಡೀತಾರ."

ಅಮಾವಾಸ್ಯೆ ಮರುದಿನವೇ ಇತ್ತು. ಮಂಗಳವ್ವನ ಶೆಡ್ಡಿನಲ್ಲಿ ಫೋನಿಲ್ಲ. ಇದ್ದಿದ್ದರೂ ಇಂಥದ್ದನ್ನು ಫೋನಿನಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ. ಮರುದಿನ ಮನೆಯಲ್ಲಿ ಮಕ್ಕಳಿಗೆ ಎಣ್ಣೆ ನೀರು ಹಾಕಿ, ಅರ್ಧ ಕರಿದ ಚಕ್ಕುಲಿಯನ್ನು ಅತ್ತೆಯ ಕೈಗೊಪ್ಪಿಸಿ ಮಧ್ಯಾಹ್ನದ ಬಸ್ಸು ಹತ್ತಿದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಅದೂ ಮೆತ್ತಗೇ ಆಗುತ್ತಿತ್ತು.

ನಾನು ಹೋದಾಗ ಶೆಡ್ಡಿನಲ್ಲಿ ಪೂಜೆ ಆಗಲೇ ಮುಗಿದಿತ್ತು. ಎಂಟೂ ಮಷೀನಿನ ಕೊರಳಿಗೆ ಹೂವಿನ ಸರ. ಹೆಂಗಸರು ಚಾಪೆಯ ಮೇಲೆ ಕೂತು ಪ್ರಸಾದ ತಿನ್ನುತ್ತಿದ್ದರು. ನನ್ನನ್ನು ಕಂಡು ಮಂಗಳವ್ವನ ಮುಖ ದೀಪದ ಹಾಗೆ ಆಯಿತು. ಹದಿನೇಳು ವರ್ಷದಲ್ಲಿ ಕಂಪನಿಯವರು ಪೂಜೆಗೆ ಬಂದದ್ದು ಇದೇ ಮೊದಲು ಎಂದು ಎಲ್ಲರಿಗೂ ಹೇಳಿದಳು. ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಉಡಿ ತುಂಬಿ, ಕೈಗೆ ಕರ್ಚಿಕಾಯಿ ಕೊಟ್ಟಳು. ಬಾಯಲ್ಲಿ ಕರ್ಚಿಕಾಯಿ ಇಟ್ಟುಕೊಂಡು ನಾನು ಏನು ಹೇಳಲಿ? ನುಂಗುವಷ್ಟರಲ್ಲಿ ಅವಳು ಜಗಲಿಯ ಮೇಲಿನ ಲಕೋಟೆ ತಂದು ನನ್ನ ಮುಂದೆ ಹಿಡಿದಿದ್ದಳು.

"ಬರದವ್ರ ಬಂದೀರಿ, ನೀವ ಓದ್ರಿ. ಇವ್ರೂ ಕೇಳ್ಲಿ."

ಬೇಡ, ಆಮೇಲೆ ನಾವಿಬ್ಬರೇ ಕೂತು ಓದೋಣ ಎಂದೆ. ಅವಳು ಒಪ್ಪಲಿಲ್ಲ. ಮಷೀನು ತುಳಿದವರು ಇವರು, ತಾನೊಬ್ಬಳೇ ಕೇಳಿದರೆ ಹೇಗೆ ಎಂದಳು. ಒಡೆದೆ. ಓದಿದೆ.

"ಕಳೆದ ಹದಿನೇಳು ವರ್ಷಗಳಿಂದ ತಾವು ನಮ್ಮ ಸಂಸ್ಥೆಗೆ ಸಲ್ಲಿಸುತ್ತ ಬಂದಿರುವ ಅಮೂಲ್ಯ ಸೇವೆಯನ್ನು ಸಂಸ್ಥೆಯು ಹೃತ್ಪೂರ್ವಕವಾಗಿ ಸ್ಮರಿಸುತ್ತದೆ."

ಚಾಪೆಯ ಮೇಲೆ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಎರಡನೆಯ ಪ್ಯಾರಾದಲ್ಲಿ, ಬದಲಾದ ಮಾರುಕಟ್ಟೆಯ ಅಗತ್ಯಕ್ಕೆ ಅನುಗುಣವಾಗಿ ಸಂಸ್ಥೆಯು ಪಾಕೀಟು ತುಂಬುವ ಯಂತ್ರ ಅಳವಡಿಸಿಕೊಂಡಿದೆ ಎಂದಿತ್ತು. ಕಂಪನಿ ದೊಡ್ಡದಾಯಿತಲ್ಲ ಎಂದು ಅದಕ್ಕೂ ಚಪ್ಪಾಳೆ. ಮೂರನೆಯ ಪ್ಯಾರಾವನ್ನು ನಾನು ನೆಲ ನೋಡುತ್ತ ಓದಿದೆ.

"ಆದಕಾರಣ ಡಿಸೆಂಬರ್ ಮೂವತ್ತೊಂದಕ್ಕೆ ಮುಕ್ತಾಯಗೊಳ್ಳುವ ಸದರಿ ಕರಾರನ್ನು ಮುಂದಿನ ಅವಧಿಗೆ ನವೀಕರಿಸುವ ಪ್ರಸ್ತಾವವು ಸಂಸ್ಥೆಯ ಮುಂದೆ ಇರುವುದಿಲ್ಲವೆಂಬ ಅಂಶವನ್ನು ವಿಷಾದಪೂರ್ವಕವಾಗಿ ತಮ್ಮ ಅವಗಾಹನೆಗೆ ತರಲಾಗಿದೆ."

ಚಪ್ಪಾಳೆ ಬಿತ್ತು. ಇದು ಹಿಂದಿನವಕ್ಕಿಂತ ಜೋರಾಗಿತ್ತು, ವಾಕ್ಯ ಉದ್ದವಾಗಿತ್ತಲ್ಲ. ಮಂಗಳವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಎಷ್ಟು ಚಂದ ಬರೆಯುತ್ತೀರಿ ಎಂದಳು.

ಮಾಸುಮಬಿ ಮಾತ್ರ ತಟ್ಟಲಿಲ್ಲ. ಅವಳು ಆ ಶೆಡ್ಡಿನ ಮೊದಲ ಹೊಲಿಗೆಯವಳು, ಮಂಗಳವ್ವನ ಬಲಗೈ, ಏಳನೆಯ ಇಯತ್ತೆವರೆಗೆ ಓದಿದವಳು.

"ಅಕ್ಕಾರ, ಆ ಉದ್ದಂದು ಇನ್ನೊಮ್ಮೆ ಓದ್ರಿ," ಎಂದಳು.

ನಾನು ಓದಲಿಲ್ಲ. ಪತ್ರ ಮಡಿಚಿದೆ.

"ಮಂಗಳವ್ವಾ, ಜನವರಿಯಿಂದ ನಿಮ್ಮ ಚೀಲ ನಮಗ ಬ್ಯಾಡ್ರಿ. ಈ ಪತ್ರದಾಗ ಬರದದ್ದು ಅಷ್ಟ."

ಹೊರಗೆ ಯಾರೋ ಪಟಾಕಿ ಹಚ್ಚಿದರು. ಒಳಗೆ ಚಪ್ಪಾಳೆ ತಟ್ಟಿದ ಕೈಗಳು ಎಲ್ಲಿಡಬೇಕೆಂದು ತಿಳಿಯದೆ ಮಡಿಲಿಗೆ ಹೋದವು. ಮಂಗಳವ್ವ ಖಾಲಿ ಲಕೋಟೆ ಎತ್ತಿಕೊಂಡು ಅದರ ಮೇಲಿನ ಕುಂಕುಮ ನೋಡಿದಳು.

"ಅಷ್ಟು ಹೇಳಾಕ ಒಂದೂವರಿ ಪುಟ ಯಾಕ ಬೇಕಾಗಿತ್ತು?" ಎಂದಳು.

ಉಳಿದದ್ದನ್ನು ಈಗ ಸರಳವಾಗಿ ಹೇಳಿದೆ. ಡಿಸೆಂಬರ್ ಹದಿನೈದರವರೆಗೆ ಹೊಲಿದ ಚೀಲವೆಲ್ಲ ತೆಗೆದುಕೊಳ್ಳುತ್ತೇವೆ. ಉಳಿದ ಬಟ್ಟೆ ಮತ್ತು ಮೂರು ಸ್ಕ್ರೀನು ತಿಂಗಳ ಕೊನೆಯೊಳಗೆ ನಮಗೆ ವಾಪಸ್ಸು ಬರಬೇಕು. ಕೊನೆಯ ಬಿಲ್ಲಿನ ಹಣ, ಬಟ್ಟೆಗೆಂದು ಇಟ್ಟ ಠೇವಣಿ ಒಂದು ತಿಂಗಳೊಳಗೆ ಅವಳಿಗೆ ಸೇರುತ್ತದೆ. ಕೆಲಸದಲ್ಲಿ ಏನೂ ತಪ್ಪಿಲ್ಲ, ಯಂತ್ರ ಬಂತು, ಅಷ್ಟೇ. ಇನ್ನೂ ಏಳು ವಾರ ಇದೆ, ಬೇರೆ ಕೆಲಸ ನೋಡಿಕೊಳ್ಳಬಹುದು ಎಂದೆ.

ಬೇರೆ ಕೆಲಸ ಎಂದೊಡನೆ ಮಾಸುಮಬಿ ಎದೆಯ ಮೇಲೆ ಕೈಯಿಟ್ಟುಕೊಂಡಳು.

ಆಗ ತಿಳಿಯಿತು. ಪೇಟೆಯ ಮೆಣಸಿನಕಾಯಿ ವ್ಯಾಪಾರಿ ಸೋಮಣ್ಣ ಸಾಹುಕಾರರು ದಸರಾಕ್ಕೂ ಮೊದಲೇ ಹೇಳಿಕಳಿಸಿದ್ದರು: ಬ್ಯಾಡಗಿ ಕಾಯಿಯನ್ನು ಒಂದೊಂದು ಕಿಲೋ ಬಟ್ಟೆ ಚೀಲದಲ್ಲಿ ತುಂಬಿ ಮುಂಬಯಿಗೆ ಕಳಿಸುವ ವಿಚಾರವಿದೆ, ವರ್ಷಪೂರ್ತಿ ಚೀಲ ಬೇಕು, ಮಾಡುತ್ತೀರಾ? ದೀಪಾವಳಿಯೊಳಗೆ ಹೇಳಿ, ಇಲ್ಲವಾದರೆ ಹುಬ್ಬಳ್ಳಿಯವರಿಗೆ ಕೊಡುತ್ತೇನೆ. ಒಂಬತ್ತು ಜನರಿಂದ ಎರಡು ಕಡೆಯ ಕೆಲಸ ಆಗುವುದಿಲ್ಲ. ಕಂಪನಿಯ ಪತ್ರವೋ ಬಂದು ಜಗಲಿಯ ಮೇಲೆ ಕೂತಿದೆ. ಹದಿನೇಳು ವರ್ಷ ಅನ್ನ ಕೊಟ್ಟ ಕಂಪನಿಯನ್ನು ಬಿಟ್ಟು ಹೇಗೆ ಹೋಗುವುದೆಂದು ಮಂಗಳವ್ವ ಆಗುವುದಿಲ್ಲವೆಂದು ಪತ್ರ ಬರೆಸಿದ್ದಳು. ಬರೆದವಳು ಮಾಸುಮಬಿ. ಅಂದು ಮುಂಜಾನೆ ಒಯ್ದು ಕೊಟ್ಟು ಬಂದವಳೂ ಅವಳೇ.

ಏನು ಬರೆದಿದ್ದಿ ಎಂದು ಅವಳನ್ನು ಕೇಳಿದೆ.

"ನಿಮ್ಮ ಕೆಲಸ ನಮಗ ಆಗೂದಿಲ್ಲ. ಮಂಗಳವ್ವ. ಅಷ್ಟ ರೀ."

ಅವಳ ಪತ್ರ ನನ್ನ ಪತ್ರದಂತಿದ್ದಿದ್ದರೆ ಸಾಹುಕಾರರು ಹತ್ತು ಸಲ ಓದಿದರೂ ನಮಗೆ ಭಯವಿರಲಿಲ್ಲ. ನನ್ನದು ಅವಳದರಂತಿದ್ದಿದ್ದರೆ ಈ ಹೊತ್ತಿಗೆ ನಾನು ಚಕ್ಕುಲಿ ಕರಿಯುತ್ತಿದ್ದೆ.

ಹುಬ್ಬಳ್ಳಿಗೆ ಫೋನು ಹೋಗಿ ಮುಗಿದಿರಬೇಕು ಎಂದು ಒಬ್ಬಳು ಅಳಲು ಶುರುಮಾಡಿದಳು. ಮಾಸುಮಬಿ ಅವಳನ್ನು ಸುಮ್ಮನಾಗಿಸಿದಳು. ಸಾಹುಕಾರರು ಪತ್ರ ಒಡೆದಿಲ್ಲ. ಹಬ್ಬದ ದಿನ ಬರಿ ಕಾಗದ ಕಳಿಸಬಾರದೆಂದು ಮಂಗಳವ್ವ ಲಕೋಟೆಯ ಮೂಲೆಗೆ ಅರಿಸಿನ, ನಡುವೆ ಕುಂಕುಮ ಹಚ್ಚಿ, ಜೊತೆಗೆ ಕರ್ಚಿಕಾಯಿ ಡಬ್ಬಿ ಕೊಟ್ಟಿದ್ದಳು. ಸಾಹುಕಾರರು ಅದನ್ನು ನೋಡಿ ಹಿಗ್ಗಿ, ಶುಭ ಸುದ್ದಿ ಅಂತ ಕಾಣಿಸುತ್ತದೆ, ಸಂಜೆ ಪೂಜೆಯಾದ ಮೇಲೆ ಎಲ್ಲರೆದುರು ಒಡೆಯುತ್ತೇನೆ ಎಂದು ಲಕ್ಷ್ಮಿಯ ಮುಂದೆ ಇಟ್ಟರಂತೆ.

ಊರೆಲ್ಲ ಒಂದೇ ರೋಗ ಎಂದುಕೊಂಡೆ.

ಆಗ ಐದು ಗಂಟೆ. ಪೂಜೆ ದೀಪ ಹಚ್ಚುವ ಹೊತ್ತಿಗೆ. ಮಂಗಳವ್ವ ಎದ್ದು ಸೀರೆ ಸರಿಮಾಡಿಕೊಂಡಳು. ನನ್ನ ಕೈಯಲ್ಲಿದ್ದ ಪತ್ರ ತೆಗೆದುಕೊಂಡು ಮಾಸುಮಬಿಗೆ ಕೊಟ್ಟು, ಕೆಲಸದ ಬಗ್ಗೆ ಬರೆದ ಸಾಲನ್ನು ಓದು ಎಂದಳು. ಹದಿನೇಳು ವರ್ಷಗಳಲ್ಲಿ ಹೊಲಿಗೆ ಬಿಟ್ಟು ವಾಪಸ್ಸು ಬಂದ ಒಂದು ಚೀಲವೂ ದಾಖಲೆಯಲ್ಲಿ ಇರುವುದಿಲ್ಲ ಎಂದು ಅಲ್ಲಿತ್ತು.

"ಅಕ್ಕಾರ, ಇದು ಖರೇನ ಬರದೀರೋ, ನಮ್ಮ ಸಮಾಧಾನಕ್ಕ ಬರದೀರೋ?" ಎಂದಳು ಮಂಗಳವ್ವ.

"ಖರೇನ ಬರದೇನಿ. ರಜಿಸ್ಟರ ನೋಡೇ ಬರದೇನಿ."

"ಹಂಗಾರ ನಡೀರಿ."

ಪತ್ರವನ್ನು ಒಳಗಿಟ್ಟು, ಒಡೆದ ಲಕೋಟೆಯ ಬಾಯನ್ನು ಅನ್ನದ ಅಗುಳಿನಿಂದ ಅಂಟಿಸಿದಳು. ಮಾಸಿದ ಕುಂಕುಮದ ಮೇಲೆ ಹೊಸ ಕುಂಕುಮ ಇಟ್ಟಳು. ನಾವು ಮೂವರೂ ಪೇಟೆಯ ಕಡೆಗೆ ನಡೆದೆವು, ಓಡಿದೆವೆಂದರೂ ಸರಿ. ಏನು ಮಾಡುತ್ತೀರೆಂದು ದಾರಿಯಲ್ಲಿ ಎರಡು ಸಲ ಕೇಳಿದೆ. ಮಂಗಳವ್ವ ಏದುಸಿರಿನಲ್ಲಿ, ಕಂಪನಿಯವರು ಇನ್ನು ಸುಮ್ಮನಿರಬೇಕು ಎಂದಳು.

ಸೋಮಣ್ಣ ಸಾಹುಕಾರರ ಅಂಗಡಿಯಲ್ಲಿ ಹಬ್ಬಕ್ಕೆ ಬಳಿದ ಸುಣ್ಣದ ವಾಸನೆಗಿಂತ ಮೆಣಸಿನಕಾಯಿ ಘಾಟೇ ಹೆಚ್ಚು. ಪೂಜೆಗೆ ಬಂದವರೆಲ್ಲ ಭಕ್ತಿಯಿಂದಲೋ ಘಾಟಿನಿಂದಲೋ ಕಣ್ಣೊರೆಸಿಕೊಳ್ಳುತ್ತಿದ್ದರು. ಲಕ್ಷ್ಮಿಯ ಫೋಟೋ ಮುಂದೆ ಬಾಳೆಕಂಬ, ಹಣ್ಣು, ಲೆಕ್ಕದ ಹೊಸ ವಹಿ, ಅದರ ಮೇಲೆ ಮಾಸುಮಬಿಯ ಲಕೋಟೆ. ಪೂಜೆಗೆ ಕೂತ ಅಯ್ಯನವರು ಮಂತ್ರದ ನಡುವೆ ಅದರ ಮೇಲೂ ಅಕ್ಷತೆ ಹಾಕುತ್ತಿದ್ದರು. ಮಂಗಳಾರತಿಯಾಗುತ್ತಲೇ ಸಾಹುಕಾರರು ಕೈ ಚಾಚಿದರು.

ಮಂಗಳವ್ವ ಎದ್ದು ನಿಂತಳು. ಸಾಹುಕಾರರೇ, ಮುಂಜಾನೆ ಕೊಟ್ಟದ್ದು ತಪ್ಪು ಲಕೋಟೆ, ನೀವು ಓದಬೇಕಾದದ್ದು ಇದು ಎಂದು ತನ್ನ ಕೈಯಲ್ಲಿದ್ದುದನ್ನು ಮುಂದೆ ಹಿಡಿದಳು. ಸಾಹುಕಾರರು ಗಾಬರಿಯಾದರು. ಲಕ್ಷ್ಮಿಯ ಮುಂದೆ ಇಟ್ಟದ್ದನ್ನು ಬದಲಾಯಿಸಬಹುದೇ ಎಂದು ಅಯ್ಯನವರನ್ನು ಕೇಳಿದರು. ಅಯ್ಯನವರು ಎರಡೂ ಲಕೋಟೆಗಳನ್ನು ದೀಪದ ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದರು. ಮಾಸುಮಬಿ ಒಂದು ಹೆಜ್ಜೆ ಮುಂದೆ ಬಂದಳು. ಅವಳ ಪತ್ರ ಒಂದೇ ಸಾಲಿನದು, ತೆಳು ಕಾಗದ, ಬೆಳಕಿಗೆ ಹಿಡಿದರೆ ಹೊರಗಿನಿಂದಲೇ ಓದಬಹುದಿತ್ತು. ಅಯ್ಯನವರಿಗೆ ಕನ್ನಡಕ ಇರಲಿಲ್ಲ.

"ಅದಕ್ಕೂ ಕುಂಕುಮ ಐತಿ, ಇದಕ್ಕೂ ಐತಿ," ಎಂದರು. "ಇದರದು ಒಂದೀಟು ಹೆಚ್ಚ ಐತಿ. ನಡೀತೈತಿ."

ಮಾಸುಮಬಿ ತನ್ನ ಪತ್ರವನ್ನು ತೆಗೆದುಕೊಂಡ ವೇಗಕ್ಕೆ ಎರಡು ಅಡಿಕೆ ಉರುಳಿ ಬಿದ್ದವು.

ಸಾಹುಕಾರರು ಲಕೋಟೆ ಒಡೆದು, ಗಂಟಲು ಸರಿಮಾಡಿಕೊಂಡು, ನೆರೆದ ಇಪ್ಪತ್ತು ಜನರ ಮುಂದೆ ನನ್ನ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ನಾನು ಕಂಬದ ಹಿಂದೆ ಸರಿದೆ. ಹೃತ್ಪೂರ್ವಕ ಎಂಬಲ್ಲಿ ತಲೆದೂಗಿದರು. ಮೂರನೆಯ ಪ್ಯಾರಾಕ್ಕೆ ಬಂದಾಗ ನಿಂತು ಒಂದು ಸಲ ಒಳಗೊಳಗೇ ಓದಿಕೊಂಡರು. ಮೂವತ್ತು ವರ್ಷ ವ್ಯಾಪಾರ ಮಾಡಿದ ಮನುಷ್ಯ; ಹುಡುಕಬೇಕೆಂದು ಅವರಿಗೆ ಗೊತ್ತಿತ್ತು.

"ಅಂದ್ರ ಕಂಪನಿಯವ್ರು ನಿಮ್ಮನ್ನ ಬಿಟ್ಟಾರ," ಎಂದರು.

"ಬಿಟ್ಟಾರ್ರಿ," ಎಂದಳು ಮಂಗಳವ್ವ. "ಯಾಕ ಬಿಟ್ಟಾರ ಅನ್ನೂದೂ ಅದರಾಗ ಐತಿ. ಮುಂದ ಓದ್ರಿ."

ಯಂತ್ರ ಬಂದದ್ದಕ್ಕೆ ಬಿಟ್ಟದ್ದು, ಕೆಲಸಕ್ಕೂ ನಿರ್ಧಾರಕ್ಕೂ ಸಂಬಂಧವಿಲ್ಲ, ಹದಿನೇಳು ವರ್ಷದಲ್ಲಿ ಒಂದೂ ಚೀಲ ವಾಪಸ್ಸಿಲ್ಲ, ಡಿಸೆಂಬರ್ ಹದಿನೈದಕ್ಕೆ ಕೊನೆಯ ಸರಬರಾಜು, ಮೂವತ್ತೊಂದಕ್ಕೆ ಎಲ್ಲ ಒಪ್ಪಿಸಿ ಬಿಡುಗಡೆ. ಸಾಹುಕಾರರು ಆ ಸಾಲುಗಳನ್ನು ಎರಡನೆಯ ಸಲ ಓದಿದರು. ಕೆಳಗಿನ ಮೊಹರನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದರು. ಕೆಲಸ ಕೇಳಿ ಬರುವವರೆಲ್ಲ ತಮ್ಮನ್ನು ತಾವೇ ಹೊಗಳಿಕೊಳ್ಳುತ್ತಾರೆ, ಬಿಟ್ಟವರೇ ಹೊಗಳಿ ಬರೆದು ಮೊಹರು ಒತ್ತಿದ್ದನ್ನು ಇದೇ ಮೊದಲು ನೋಡಿದ್ದು ಎಂದರು. ಇದನ್ನು ಬರೆದವರು ಯಾರೋ, ದೊಡ್ಡ ಮನಸ್ಸಿನವರು ಎಂದರು. ಮಾಸುಮಬಿ ನನ್ನ ಕಡೆ ನೋಡಲಿಲ್ಲ, ಸೆರಗು ಬಾಯಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿದಳು.

"ಹಂಗಾರ ಜನವರಿ ಒಂದಕ್ಕ ಶುರು ಮಾಡ್ರಿ ಮಂಗಳವ್ವಾ," ಎಂದರು ಸಾಹುಕಾರರು. "ಬಟ್ಟಿ ಮುಂಗಡನ ಕಳಸ್ತೇನಿ."

"ಬ್ಯಾಡ್ರಿ. ಅವ್ರ ಬಟ್ಟಿ ಶೆಡ್ಡಿನ್ಯಾಗ ಇರೂತನಕ ನಿಮ್ದು ಬರಬಾರದು. ಒಂದಕ್ಕೊಂದು ಕೂಡಿದ್ರ ಆಮ್ಯಾಲ ಯಾರ್ದು ಯಾವ್ದು ಅನ್ನೂ ತಕರಾರು. ಅವ್ರದು ಪೂರಾ ಒಪ್ಪಿಸಿ ಕೈ ತೊಳಕೊಂಡು ನಿಮ್ದು ಹಿಡೀತೇನಿ."

ಹೊರಗೆ ಬಂದ ಮೇಲೆ ಮಂಗಳವ್ವ ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ಮಾಸುಮಬಿ ತನ್ನ ಒಂದು ಸಾಲಿನ ಪತ್ರವನ್ನು ಹರಿದು ಅವಲಕ್ಕಿಯಷ್ಟು ಸಣ್ಣ ಚೂರು ಮಾಡಿ ಗಟಾರಕ್ಕೆ ಬಿಟ್ಟಳು. ನಾನು ತಪ್ಪಾಯಿತು ಎಂದೆ. ಮಂಗಳವ್ವ, ಪತ್ರದ್ದೇನೂ ತಪ್ಪಿಲ್ಲ, ತಪ್ಪು ಮನೆಗೆ ಬಂದಿತ್ತು ಅಷ್ಟೇ ಎಂದಳು. ಆಮೇಲೆ, ಆ ಸ್ಕ್ರೀನುಗಳನ್ನು ಒಪ್ಪಿಸಲು ಮಾತ್ರ ಕೈ ಬರುವುದಿಲ್ಲ ಎಂದಳು.

ಕೈ ಬಂತು. ಡಿಸೆಂಬರ್ ಮೂವತ್ತೊಂದರ ಮುಂಜಾನೆ ಟೆಂಪೋದಲ್ಲಿ ಬಂದಿಳಿದಳು. ಮೂರು ಸ್ಕ್ರೀನುಗಳನ್ನು ಸೀಮೆಎಣ್ಣೆಯಿಂದ ತೊಳೆದು, ಹಳೆಯ ಸೀರೆಯಲ್ಲಿ ಸುತ್ತಿ ತಂದಿದ್ದಳು. ಉಳಿದ ಬಟ್ಟೆಯನ್ನು ಸ್ಟೋರಿನವನು ಅಳೆದ. ಲೆಕ್ಕಕ್ಕಿಂತ ಅರ್ಧ ಮೀಟರು ಹೆಚ್ಚೇ ಬಂತು. ಅದು ಹದಿನೇಳು ವರ್ಷದ ಕತ್ತರಿಯ ಉಳಿತಾಯ, ನಿಮ್ಮದೇ, ಇಟ್ಟುಕೊಳ್ಳಿ ಎಂದಳು. ಮ್ಯಾನೇಜರ್ ವಿಜಯಮಹಾಂತೇಶ ಅವರು ಶಾಲು ಹೊದಿಸಿ ಮಾತಾಡಿದರು. ನೋಟಿಸನ್ನು ಸಂತೋಷದಿಂದ ಸ್ವೀಕರಿಸಿದ ಅವಳ ಘನತೆಯನ್ನು ಎಲ್ಲರೂ ಕಲಿಯಬೇಕೆಂದರು. ಮಂಗಳವ್ವ ನನ್ನ ಕಡೆ ಒಂದು ಸಲ ನೋಡಿ, ಶಾಲನ್ನು ಹೆಗಲ ಮೇಲೆ ಸರಿಮಾಡಿಕೊಂಡು, ಹೌದ್ರಿ ಎಂದಳು.

ಹೋಗುವ ಮೊದಲು ನನ್ನ ಮೇಜಿನ ಹತ್ತಿರ ಬಂದು, ಪತ್ರದ ಇನ್ನೊಂದು ಪ್ರತಿ ಬೇಕೆಂದು ಕೇಳಿದಳು. ಮೂಲ ಪ್ರತಿಯನ್ನು ಸಾಹುಕಾರರು ಲಕ್ಷ್ಮಿ ಫೋಟೋ ಹಿಂದೆ ಇಟ್ಟಿದ್ದಾರೆ, ಕೊಡುತ್ತಿಲ್ಲವಂತೆ. ಜೆರಾಕ್ಸ್ ಮಾಡಿಸಿ, ಮೊಹರು ಒತ್ತಿ ಕೊಟ್ಟೆ. ಅದನ್ನು ಮಡಿಚಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಾಗ ಡಾಕಪ್ಪ ಹಿಂದಿನಿಂದ ಕುಂಕುಮದ ಬಟ್ಟಲು ಹಿಡಿದುಕೊಂಡು ಬಂದ.

"ಬ್ಯಾಡಪಾ," ಎಂದಳು ಮಂಗಳವ್ವ. "ಇದನ್ನ ಓದೂದು ಐತಿ."